ಒಂದೇ ಟ್ರೆಜರಿ ಬಿಲ್ಲಿಗೆ 4.200 ಮತ್ತು 4.351 ಎಂಬ ಎರಡು ದರಗಳು: ನಿಜವಾದ ಪ್ರತಿಫಲವನ್ನು ಲೆಕ್ಕ ಹಾಕುವುದು ಹೇಗೆ?

ಟೀಚರ್, ಬದಿಯಡ್ಕ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಎದ್ದಿರುವ ಒಂದು ಲೆಕ್ಕದ ಪ್ರಶ್ನೆಯನ್ನು ಇಲ್ಲಿ ಇಡುತ್ತಿದ್ದೇನೆ. ಅಡಿಕೆ ಮಾರಿ ಬಂದ ಹಣದಲ್ಲಿ ಅಪ್ಪ ರಿಸರ್ವ್ ಬ್ಯಾಂಕಿನ ರೀಟೇಲ್ ಡೈರೆಕ್ಟ್ ಖಾತೆಯ ಮೂಲಕ 91 ದಿನಗಳ ಟ್ರೆಜರಿ ಬಿಲ್ಲನ್ನು, ಅಂದರೆ ಸರಕಾರದ ಅಲ್ಪಾವಧಿಯ ಸಾಲಪತ್ರವನ್ನು, ಕೊಂಡಿದ್ದಾರೆ. ನೂರು ರೂಪಾಯಿ ಮುಖಬೆಲೆಗೆ 98.40 ರೂಪಾಯಿ ಬಿದ್ದಿದೆ, ಪ್ರತಿಫಲ ಶೇಕಡಾ 6.52 ಎಂದು ತೋರಿಸುತ್ತಿದೆ. ಅಮೆರಿಕದಲ್ಲಿರುವ ನನ್ನ ತಮ್ಮ ಅಲ್ಲಿನ ಸರಕಾರದ 26 ವಾರಗಳ ಬಿಲ್ಲನ್ನು 10,000 ಡಾಲರ್ ಮುಖಬೆಲೆಗೆ ಕೊಂಡಿದ್ದಾನೆ. ಅವನು ಕಳುಹಿಸಿದ ಹಾಳೆಯಲ್ಲಿ High Rate 4.200, Investment Rate 4.351, Price 97.876667 ಎಂದು ಮೂರು ಅಂಕಿಗಳಿವೆ.

ಬಡ್ಡಿ 4.20 ಎಂದು ತಮ್ಮ ಹೇಳುತ್ತಾನೆ, ಏಕೆಂದರೆ ಹರಾಜಿನಲ್ಲಿ ನಿರ್ಧಾರವಾದ ದರ ಅದೇ, ಅದನ್ನು ಬ್ಯಾಂಕ್ ಡಿಸ್ಕೌಂಟ್ ದರ ಎನ್ನುತ್ತಾರಂತೆ. ಒಂದೇ ಬಿಲ್ಲಿಗೆ ಎರಡು ದರ ಇರುವುದು ಹೇಗೆ ಎಂದು ಅಪ್ಪ ಕೇಳುತ್ತಾರೆ. ಇಬ್ಬರ ಬಿಲ್ಲುಗಳನ್ನೂ ಒಂದೇ ಕೋಷ್ಟಕದಲ್ಲಿ ಬರೆದಿಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಯಾವ ಅಂಕಿಯನ್ನು ಬರೆಯಬೇಕು? ಅಪ್ಪನ 6.52 ಕೂಡ ಇನ್ನೊಂದು ದರಕ್ಕೆ ಪರಿವರ್ತಿಸಬೇಕಾದ ಅಂಕಿಯೇ? ಡಾಲರ್ ಮತ್ತು ರೂಪಾಯಿಯ ವಿನಿಮಯದ ಏರಿಳಿತ ಬೇರೆಯೇ ವಿಷಯ ಎಂಬುದು ನನಗೆ ಗೊತ್ತಿದೆ. ಇಲ್ಲಿ ದರದ ಲೆಕ್ಕವನ್ನು ಮಾತ್ರ ಕೇಳುತ್ತಿದ್ದೇನೆ.

ಮಂಜೇಶ್ವರದಿಂದ

ಟೀಚರ್, ಬ್ಯಾಂಕ್ ಡಿಸ್ಕೌಂಟ್ ದರವೆಂದರೆ ರಿಸರ್ವ್ ಬ್ಯಾಂಕ್ ಘೋಷಿಸುವ ಬ್ಯಾಂಕ್ ರೇಟ್ ಅಲ್ಲವೇ? ರೆಪೋ ದರದ ಜೊತೆಗೆ ಅದನ್ನೂ ಪತ್ರಿಕೆಯಲ್ಲಿ ಹಾಕುತ್ತಾರೆ. ಅಮೆರಿಕದ ಕೇಂದ್ರ ಬ್ಯಾಂಕಿಗೂ ಅಂಥದ್ದೊಂದು ದರ ಇರುವುದರಿಂದ, ನಿಮ್ಮ ತಮ್ಮನ ಹಾಳೆಯಲ್ಲಿರುವ 4.20 ಅದೇ ಇರಬೇಕು ಎಂದು ನನಗೆ ತೋರುತ್ತದೆ.

ನಿವೃತ್ತ ಬ್ಯಾಂಕ್ ಅಧಿಕಾರಿ, ಮುಳ್ಳೇರಿಯ

ಮಂಜೇಶ್ವರದವರು ಹೇಳುವ ಬ್ಯಾಂಕ್ ರೇಟ್ ಬೇರೆ, ಇಲ್ಲಿ ಕೇಳಿರುವುದು ಬೇರೆ. ಬ್ಯಾಂಕ್ ರೇಟ್ ಕೇಂದ್ರ ಬ್ಯಾಂಕ್ ತಾನಾಗಿ ಘೋಷಿಸುವ ನೀತಿಯ ದರ. ಟೀಚರ್ ಅವರ ಹಾಳೆಯಲ್ಲಿರುವ High Rate ಹರಾಜಿನಲ್ಲಿ ಕೊಳ್ಳುವವರ ಬೇಡಿಕೆಯಿಂದ ನಿರ್ಧಾರವಾದದ್ದು, ಮತ್ತು ಅದನ್ನು ಬ್ಯಾಂಕ್ ಡಿಸ್ಕೌಂಟ್ ಪದ್ಧತಿಯಲ್ಲಿ ಹೇಳಲಾಗಿದೆ. ಅಮೆರಿಕದ ಖಜಾನೆ ಇಲಾಖೆ ಪ್ರತಿದಿನ ಪ್ರಕಟಿಸುವ ಬಿಲ್ ದರಗಳ ಪಟ್ಟಿಯಲ್ಲಿಯೂ ಪ್ರತಿ ಅವಧಿಯ ಕೆಳಗೆ BANK DISCOUNT ಮತ್ತು COUPON EQUIVALENT ಎಂಬ ಎರಡು ಅಂಕಣಗಳಿರುತ್ತವೆ. ಈ ಎರಡನೆಯದೇ ಹರಾಜಿನ ಹಾಳೆಯಲ್ಲಿ Investment Rate ಎಂಬ ಹೆಸರಿನಲ್ಲಿ ಬರುತ್ತದೆ.

ದರಗಳನ್ನು ಸದ್ಯಕ್ಕೆ ಬದಿಗಿಟ್ಟು ಹಣವನ್ನೇ ನೋಡೋಣ, ಏಕೆಂದರೆ ಹಣದ ವಿಷಯದಲ್ಲಿ ಯಾವ ಗೊಂದಲವೂ ಇಲ್ಲ. ನಿಮ್ಮ ತಮ್ಮ ಕೊಟ್ಟದ್ದು 9,787.67 ಡಾಲರ್. 182 ದಿನಗಳ ನಂತರ ಅವರಿಗೆ ಸಿಗುವುದು 10,000 ಡಾಲರ್. ಲಾಭ 212.33 ಡಾಲರ್. ಎರಡು ದರಗಳೂ ಈ ಒಂದೇ 212.33ನ್ನು ವರ್ಷದ ಶೇಕಡಾವಾರಿಗೆ ತಿರುಗಿಸಿ ಹೇಳುತ್ತವೆ, ಆದರೆ ಭಾಗಿಸುವ ಸಂಖ್ಯೆ ಎರಡು ಕಡೆ ಬೇರೆಯಾಗಿದೆ.

ಡಿಸ್ಕೌಂಟ್ ದರದ ಲೆಕ್ಕದಲ್ಲಿ 212.33ನ್ನು ಮುಖಬೆಲೆಯಾದ 10,000ದಿಂದ ಭಾಗಿಸಿ, ವರ್ಷಕ್ಕೆ 360 ದಿನ ಎಂದು ಹಿಡಿದು, 360/182ರಿಂದ ಗುಣಿಸುತ್ತಾರೆ. ಆಗ 4.200 ಬರುತ್ತದೆ. ನಿಮ್ಮ ತಮ್ಮ 10,000 ಡಾಲರನ್ನು ಯಾವ ದಿನವೂ ಕೈಯಿಂದ ಹಾಕಿಲ್ಲ. ಅವರು ಹಾಕಿದ್ದು 9,787.67. ಹಾಗೆಯೇ ಯಾವ ವರ್ಷಕ್ಕೂ 360 ದಿನಗಳಿಲ್ಲ. ಹಾಕಿದ ಹಣದ ಮೇಲೆ, ನಿಜವಾದ 365 ದಿನಗಳ ವರ್ಷಕ್ಕೆ ಎಷ್ಟು ಎಂದು ಕೇಳಿದರೆ 212.33ನ್ನು 9,787.67ರಿಂದ ಭಾಗಿಸಿ 365/182ರಿಂದ ಗುಣಿಸಬೇಕು. ಅದರ ಉತ್ತರ 4.351. ನಿಮ್ಮ ಕೋಷ್ಟಕದಲ್ಲಿ ಬರೆಯಬೇಕಾದ ಅಂಕಿ ಇದು.

ನಮ್ಮೂರಿನ ರೀತಿಯಲ್ಲಿ ಹೇಳುವುದಾದರೆ, ಅಡಿಕೆ ಒಣಗಿದಾಗ ಇಳಿದ ತೂಕ ಒಂದೇ ಇರುತ್ತದೆ, ಆದರೆ ಅದನ್ನು ಹಸಿ ತೂಕದ ಶೇಕಡಾವಾರಾಗಿ ಹೇಳಿದರೆ ಒಂದು ಅಂಕಿ, ಒಣ ತೂಕದ ಶೇಕಡಾವಾರಾಗಿ ಹೇಳಿದರೆ ಇನ್ನೊಂದು ಅಂಕಿ ಬರುತ್ತದೆ. ಎರಡರಲ್ಲಿ ಯಾವುದೂ ಸುಳ್ಳಲ್ಲ, ಆದರೆ ಒಬ್ಬರ ಹಸಿ ಲೆಕ್ಕವನ್ನು ಇನ್ನೊಬ್ಬರ ಒಣ ಲೆಕ್ಕದ ಪಕ್ಕದಲ್ಲಿಟ್ಟು ಹೋಲಿಸಬಾರದು.

ಒಂದು ದರದಿಂದ ಇನ್ನೊಂದಕ್ಕೆ ಹೋಗಲು ಬೆಲೆಯನ್ನು ಪ್ರತ್ಯೇಕವಾಗಿ ಕಂಡುಹಿಡಿಯಬೇಕೆಂದಿಲ್ಲ. ಡಿಸ್ಕೌಂಟ್ ದರ d, ನಿಜ ಪ್ರತಿಫಲ i, ದಿನಗಳು t ಆಗಿರಲಿ. ದರಗಳನ್ನು 0.042 ಎಂಬಂತೆ ದಶಮಾಂಶದಲ್ಲಿ ಬರೆಯಬೇಕು.

```
i = (365 × d) / (360 − d × t)
d = (360 × i) / (365 + i × t)
```

ನಿಮ್ಮ ತಮ್ಮನ ಬಿಲ್ಲಿಗೆ ಮೇಲಿನ ಸಂಖ್ಯೆ 15.33, ಕೆಳಗಿನ ಸಂಖ್ಯೆ 352.356. ಭಾಗಿಸಿದರೆ 0.04351 ಸಿಗುತ್ತದೆ. ಹಾಳೆಯಲ್ಲಿ ಮುದ್ರಿಸಿದ್ದೂ ಅದೇ.

ಬಿ.ಕಾಂ. ವಿದ್ಯಾರ್ಥಿ, ಪೆರ್ಲ

ಸರ್, ಇಷ್ಟೊಂದು ಸೂತ್ರ ಬೇಕೇ? ಎರಡು ದರಗಳ ವ್ಯತ್ಯಾಸ 360 ಮತ್ತು 365ರದ್ದು ಎಂದು ನಾನು ತಿಳಿದಿದ್ದೇನೆ. ಡಿಸ್ಕೌಂಟ್ ದರವನ್ನು 365/360ರಿಂದ ಗುಣಿಸಿದರೆ ಸಾಕಾಗುತ್ತದೆ. ನಾನು ನಾಲ್ಕು ವಾರಗಳ ಬಿಲ್ಲಿಗೆ ಇದೇ 4.20ನ್ನು ಹಿಡಿದು ಪರೀಕ್ಷಿಸಿದೆ. ನನ್ನ ವಿಧಾನದಲ್ಲಿ 4.258 ಬಂತು, ನಿಮ್ಮ ಸೂತ್ರದಲ್ಲಿ 4.272 ಬಂತು. ವ್ಯತ್ಯಾಸ ನಗಣ್ಯವಲ್ಲವೇ?

ನಿವೃತ್ತ ಬ್ಯಾಂಕ್ ಅಧಿಕಾರಿ, ಮುಳ್ಳೇರಿಯ

ನೀವು ಹೇಳಿದ್ದು ಅರ್ಧ ಸರಿ. ನಾಲ್ಕು ವಾರಗಳ ಬಿಲ್ಲನ್ನು ಆರಿಸಿಕೊಂಡ ಕಾರಣ ಉಳಿದ ಅರ್ಧ ನಿಮ್ಮ ಕಣ್ಣಿಗೆ ಬೀಳಲಿಲ್ಲ. 28 ದಿನಗಳಲ್ಲಿ ಬೆಲೆ ಮುಖಬೆಲೆಗೆ ತುಂಬ ಹತ್ತಿರವಿರುತ್ತದೆ, ಹಾಗಾಗಿ ಯಾವುದರಿಂದ ಭಾಗಿಸಿದರೂ ಹೆಚ್ಚು ವ್ಯತ್ಯಾಸವಾಗುವುದಿಲ್ಲ. ಅವಧಿ ಉದ್ದವಾದಂತೆ ಬೆಲೆ ನೂರರಿಂದ ಕೆಳಗೆ ಸರಿಯುತ್ತದೆ, ಮತ್ತು ಯಾವುದರಿಂದ ಭಾಗಿಸಿದ್ದೇವೆ ಎಂಬುದೇ ಮುಖ್ಯವಾಗುತ್ತದೆ.

182 ದಿನಗಳ ಬಿಲ್ಲಿನಲ್ಲಿ ಇದನ್ನು ಬಿಡಿಸಿ ನೋಡಿ. 4.200ರಿಂದ 4.351ಕ್ಕೆ ಏರುವಾಗ ಮೊದಲ ಹೆಜ್ಜೆ ದಿನಗಳದ್ದು. 365/360ರಿಂದ ಗುಣಿಸಿದರೆ 4.258 ಆಗುತ್ತದೆ, ಅಂದರೆ ಸುಮಾರು 0.058ರಷ್ಟು ಏರಿಕೆ. ಎರಡನೆಯ ಹೆಜ್ಜೆ ಬೆಲೆಯದ್ದು. 4.258ನ್ನು 0.97877ರಿಂದ ಭಾಗಿಸಿದರೆ 4.351 ಆಗುತ್ತದೆ, ಅಂದರೆ ಇನ್ನೂ ಸುಮಾರು 0.092. ನಿಮ್ಮ ವಿಧಾನ ಬಿಟ್ಟುಬಿಟ್ಟ ಈ ಎರಡನೆಯ ಹೆಜ್ಜೆಯೇ ಇಲ್ಲಿ ದೊಡ್ಡದು. ಅದೇ 4.20 ಡಿಸ್ಕೌಂಟ್ ದರದ 91 ದಿನಗಳ ಬಿಲ್ಲಿಗೆ ನಿಜ ಪ್ರತಿಫಲ 4.304. ಡಿಸ್ಕೌಂಟ್ ದರ ಒಂದೇ ಇದ್ದರೂ ಅವಧಿ ಬದಲಾದರೆ ಪ್ರತಿಫಲ ಬದಲಾಗುತ್ತದೆ ಎಂಬುದು ಬಹಳ ಜನರಿಗೆ ಹೊಳೆಯುವುದಿಲ್ಲ. 13 ವಾರಗಳ ಬಿಲ್ಲಿಗೂ 26 ವಾರಗಳ ಬಿಲ್ಲಿಗೂ 4.20 ಎಂದು ಕಂಡಾಗ ಎರಡೂ ಸಮಾನವೆಂದು ತಿಳಿಯುವುದು ಈ ಕಾರಣದಿಂದಲೇ ತಪ್ಪು.

ದರ ಏರಿದಂತೆಯೂ ಈ ಅಂತರ ಹಿಗ್ಗುತ್ತದೆ. 1981ರಲ್ಲಿ ಅಮೆರಿಕದ ಟ್ರೆಜರಿ ಬಿಲ್ಲಿನ ಡಿಸ್ಕೌಂಟ್ ದರ ಶೇಕಡಾ 15ನ್ನು ಮೀರಿದ ತಿಂಗಳುಗಳಿದ್ದವು. 15ರ ದರದಲ್ಲಿ 182 ದಿನಗಳ ಬಿಲ್ಲಿನ ನಿಜ ಪ್ರತಿಫಲ ಸುಮಾರು 16.46. ನಿಮ್ಮ 365/360ರ ವಿಧಾನ ಅಲ್ಲಿ 15.21ರಲ್ಲೇ ನಿಂತುಬಿಡುತ್ತದೆ.

ವ್ಯಾಪಾರಿ, ಉಪ್ಪಳ

ಅಣ್ಣ, ಇದನ್ನು ಓದುವಾಗ ನನಗೆ ನಮ್ಮ ಅಂಗಡಿಯ ಬಿಲ್ ಡಿಸ್ಕೌಂಟಿನ ನೆನಪಾಯಿತು. ಹೊರ ಊರಿನ ಸಗಟು ವ್ಯಾಪಾರಿಗೆ ಸರಕು ಕಳುಹಿಸಿದ ಮೇಲೆ ಅವರು 90 ದಿನಗಳ ನಂತರ ಕೊಡುವ ಒಂದು ಲಕ್ಷ ರೂಪಾಯಿಯ ಬಿಲ್ಲನ್ನು ನಾನು ಬ್ಯಾಂಕಿಗೆ ಕೊಡುತ್ತೇನೆ. ದರ ಶೇಕಡಾ 12 ಎಂದು ಹೇಳಿ ಬ್ಯಾಂಕಿನವರು 2,959 ರೂಪಾಯಿಯನ್ನು ಮೊದಲೇ ಕಳೆದುಕೊಂಡು 97,041 ರೂಪಾಯಿಯನ್ನು ಖಾತೆಗೆ ಹಾಕುತ್ತಾರೆ. ಇದನ್ನು ನಾನು ಯಾವತ್ತೂ 12ರ ಸಾಲ ಎಂದೇ ಪುಸ್ತಕದಲ್ಲಿ ಬರೆದಿದ್ದೇನೆ. ನೀವು ಹೇಳುವ ಪ್ರಕಾರ ಇದೂ 12ಕ್ಕಿಂತ ಹೆಚ್ಚಾಗುತ್ತದೆಯೇ? ನನ್ನದು ಟ್ರೆಜರಿ ಬಿಲ್ ಅಲ್ಲ ಎಂಬುದು ಗೊತ್ತಿದೆ, ಆದರೂ ಕೇಳಬೇಕೆನಿಸಿತು.

ನಿವೃತ್ತ ಬ್ಯಾಂಕ್ ಅಧಿಕಾರಿ, ಮುಳ್ಳೇರಿಯ

ನಿಮ್ಮ ಪ್ರಶ್ನೆ ವಿಷಯಕ್ಕೆ ಹೊರಗಿನದಲ್ಲ. ವ್ಯಾಪಾರದ ಬಿಲ್ಲಿನಿಂದ ಬಡ್ಡಿಯನ್ನು ಮೊದಲೇ ಕಳೆದುಕೊಳ್ಳುವ ಈ ಪದ್ಧತಿಯನ್ನೇ ಸರಕಾರದ ಬಿಲ್ಲಿಗೂ ಬಳಸಿದ್ದಾರೆ. ಇಲ್ಲಿ ನೀವು ಸರಕಾರದ ಜಾಗದಲ್ಲಿದ್ದೀರಿ, ಬ್ಯಾಂಕ್ ನಿಮ್ಮ ಬಿಲ್ಲನ್ನು ಕೊಳ್ಳುವ ಹೂಡಿಕೆದಾರನ ಜಾಗದಲ್ಲಿದೆ. ನಿಮ್ಮ ಬ್ಯಾಂಕ್ ವರ್ಷಕ್ಕೆ 365 ದಿನಗಳನ್ನೇ ಹಿಡಿದಿದೆ, ಹಾಗಾಗಿ ದಿನಗಳ ತಿದ್ದುಪಡಿ ಬೇಕಾಗಿಲ್ಲ, ಬೆಲೆಯ ತಿದ್ದುಪಡಿ ಮಾತ್ರ ಸಾಕು. ನಿಮ್ಮ ಕೈಗೆ ಬಂದ 97,041ರ ಮೇಲೆ 90 ದಿನಗಳಿಗೆ 2,959 ಕೊಟ್ಟಿದ್ದೀರಿ. ವರ್ಷದ ಲೆಕ್ಕದಲ್ಲಿ ಅದು 12.37 ಆಗುತ್ತದೆ. ಇನ್ನೊಂದು ಬ್ಯಾಂಕ್ 12.25ರ ದರದಲ್ಲಿ ಸಾಲ ಕೊಟ್ಟು ಬಡ್ಡಿಯನ್ನು ಕೊನೆಯಲ್ಲಿ ತೆಗೆದುಕೊಳ್ಳುತ್ತೇನೆ ಎಂದರೆ, ಉಳಿದ ಶುಲ್ಕಗಳು ಸಮಾನವಾಗಿದ್ದಲ್ಲಿ, ಅದು ನಿಮಗೆ ಅಗ್ಗ. ಮೇಲ್ನೋಟಕ್ಕೆ ದುಬಾರಿಯಾಗಿ ಕಾಣುತ್ತದೆ, ಅಷ್ಟೇ.

ಟೀಚರ್, ಬದಿಯಡ್ಕ

ತಮ್ಮನ ಬಿಲ್ಲಿನ ವಿಷಯ ಈಗ ಸ್ಪಷ್ಟವಾಯಿತು, ಧನ್ಯವಾದಗಳು. ಅಪ್ಪನ 6.52ರ ಬಗ್ಗೆ ಯಾರೂ ಹೇಳಲಿಲ್ಲ. ಅದೂ ಡಿಸ್ಕೌಂಟಿನಲ್ಲಿ ಕೊಂಡ ಬಿಲ್ಲೇ ಆಗಿರುವುದರಿಂದ ಅದನ್ನೂ ಇದೇ ಸೂತ್ರಕ್ಕೆ ಹಾಕಿದೆ. d ಜಾಗದಲ್ಲಿ 0.0652 ಹಾಕಿದಾಗ 6.72 ಬಂತು. ಅಪ್ಪನ ನಿಜ ಪ್ರತಿಫಲ 6.72 ಎಂದು ಬರೆಯಬಹುದೇ?

ಬಿ.ಕಾಂ. ವಿದ್ಯಾರ್ಥಿ, ಪೆರ್ಲ

ಹೌದು ಟೀಚರ್, ಅದು ಸರಿಯೇ. ಡಿಸ್ಕೌಂಟಿನಲ್ಲಿ ಮಾರುವ ಎಲ್ಲ ಬಿಲ್ಲುಗಳಿಗೂ ಹೇಳಿದ ದರಕ್ಕಿಂತ ನಿಜ ಪ್ರತಿಫಲ ಹೆಚ್ಚಿರುತ್ತದೆ.

ನಿವೃತ್ತ ಬ್ಯಾಂಕ್ ಅಧಿಕಾರಿ, ಮುಳ್ಳೇರಿಯ

ದಯವಿಟ್ಟು ಹಾಗೆ ಬರೆಯಬೇಡಿ. ನಮ್ಮ ದೇಶದ ಬಿಲ್ಲಿಗೆ ಆ ಪರಿವರ್ತನೆ ಬೇಕಾಗಿಲ್ಲ, ಏಕೆಂದರೆ 6.52 ಡಿಸ್ಕೌಂಟ್ ದರವೇ ಅಲ್ಲ. ಬಿಲ್ಲನ್ನು ಡಿಸ್ಕೌಂಟಿನಲ್ಲಿ ಮಾರುವುದು ಒಂದು ವಿಷಯ, ದರವನ್ನು ಯಾವ ಲೆಕ್ಕದಲ್ಲಿ ಹೇಳುತ್ತಾರೆ ಎಂಬುದು ಇನ್ನೊಂದು ವಿಷಯ. ಭಾರತದಲ್ಲಿ 91, 182 ಮತ್ತು 364 ದಿನಗಳ ಬಿಲ್ಲುಗಳ ಹರಾಜಿನ ಫಲಿತಾಂಶವನ್ನು ರಿಸರ್ವ್ ಬ್ಯಾಂಕ್ ಪ್ರಕಟಿಸುವಾಗ ಬೆಲೆಯನ್ನು ಹೇಳಿ, ಅದರ ಪಕ್ಕದಲ್ಲಿ ಆ ಬೆಲೆಯಿಂದ ಹೊರಡುವ ಪ್ರತಿಫಲವನ್ನು YTM ಎಂದು ಕೊಡುತ್ತದೆ. ಅಲ್ಲಿ ಭಾಗಿಸುವುದು ಬೆಲೆಯಿಂದಲೇ, ವರ್ಷಕ್ಕೆ ಹಿಡಿಯುವುದೂ 365 ದಿನಗಳನ್ನೇ.

```
i = (100 − P) / P × 365 / t
```

98.40 ರೂಪಾಯಿಗೆ ಲಾಭ 1.60 ರೂಪಾಯಿ. 1.60ನ್ನು 98.40ರಿಂದ ಭಾಗಿಸಿ 365/91ರಿಂದ ಗುಣಿಸಿದರೆ ಶೇಕಡಾ 6.522 ಬರುತ್ತದೆ. ನಿಮ್ಮ ತಂದೆಯವರ ಪರದೆಯಲ್ಲಿ ಕಂಡದ್ದೂ ಅಷ್ಟೇ. ಆದ್ದರಿಂದ ಅದು ಆಗಲೇ ನಿಜ ಪ್ರತಿಫಲವಾಗಿದೆ. ಅದನ್ನು ಇನ್ನೊಮ್ಮೆ ಪರಿವರ್ತಿಸಿದರೆ ಇಲ್ಲದ ಲಾಭವನ್ನು ಕೋಷ್ಟಕದಲ್ಲಿ ತೋರಿಸಿದಂತಾಗುತ್ತದೆ. ಇದೇ ಬಿಲ್ಲನ್ನು ಅಮೆರಿಕದ ಡಿಸ್ಕೌಂಟ್ ಪದ್ಧತಿಯಲ್ಲಿ ಹೇಳಬೇಕಾದರೆ 6.33 ಎಂದು ಹೇಳಬೇಕಾಗುತ್ತಿತ್ತು.

ತಪ್ಪಾಗಿದೆಯೇ ಎಂದು ತಿಳಿಯಲು ಒಂದೇ ಪರೀಕ್ಷೆ ಸಾಕು, ಅದು ಎರಡೂ ದೇಶಗಳ ಬಿಲ್ಲಿಗೂ ಸಲ್ಲುತ್ತದೆ. ನೀವು ಬರೆದ ದರದಿಂದ ಹಿಂದಕ್ಕೆ ಹೋಗಿ ಬೆಲೆಯನ್ನು ಕಟ್ಟಿ ನೋಡಿ. 6.72 ನಿಜ ಪ್ರತಿಫಲವಾಗಿದ್ದರೆ 91 ದಿನಗಳ ಬಿಲ್ಲಿನ ಬೆಲೆ ಸುಮಾರು 98.35 ಇರಬೇಕಿತ್ತು. ನಿಮ್ಮ ತಂದೆಯವರು ಕೊಟ್ಟದ್ದು 98.40. ಬೆಲೆ ಹೊಂದದಿದ್ದರೆ ದರವನ್ನು ತಪ್ಪು ಪದ್ಧತಿಯಲ್ಲಿ ಓದಿದ್ದೇವೆ ಎಂದರ್ಥ. ಬೆಲೆ ಮಾತ್ರ ಯಾವ ಪದ್ಧತಿಗೂ ಸೇರಿದ್ದಲ್ಲ, ಅದು ಕೈಯಿಂದ ಹೋದ ಹಣ.

ಈ ಗೊಂದಲಕ್ಕೆ ನಮ್ಮಲ್ಲಿ ಹಳೆಯ ಕಾರಣವೂ ಇದೆ. 1974ರಿಂದ ಬಹಳ ವರ್ಷಗಳ ಕಾಲ 91 ದಿನಗಳ ಬಿಲ್ಲನ್ನು ಹರಾಜಿಲ್ಲದೆ, ಶೇಕಡಾ 4.6ರ ನಿಗದಿತ ಡಿಸ್ಕೌಂಟ್ ದರದಲ್ಲಿ ಕೊಡಲಾಗುತ್ತಿತ್ತು. ಆ ಕಾಲದಲ್ಲಿ ಕೆಲಸ ಕಲಿತ ನಮ್ಮಂಥವರ ಬಾಯಲ್ಲಿ ಟ್ರೆಜರಿ ಬಿಲ್ ಎಂದ ಕೂಡಲೇ ಡಿಸ್ಕೌಂಟ್ ದರವೇ ಬರುತ್ತಿತ್ತು. ಹರಾಜಿನ ಪದ್ಧತಿ ಬಂದ ಮೇಲೆ ಬೆಲೆ ಮತ್ತು ಪ್ರತಿಫಲದ ಭಾಷೆ ನೆಲೆಯಾಯಿತು.

ಇನ್ನೊಂದು ಸಣ್ಣ ವಿಷಯ. ನಿಮ್ಮ ತಂದೆಯವರಂಥ ಸಣ್ಣ ಹೂಡಿಕೆದಾರರು ದರವನ್ನು ಹೇಳದೆ ಬಿಡ್ ಸಲ್ಲಿಸುವುದರಿಂದ ಅವರಿಗೆ ಬಿಲ್ ಸಿಗುವುದು ಹರಾಜಿನ ಸರಾಸರಿ ಬೆಲೆಗೆ, ಹರಾಜಿನಲ್ಲಿ ಒಪ್ಪಿದ ಅತಿ ಕಡಿಮೆ ಬೆಲೆಯಾದ ಕಟ್-ಆಫ್ ಬೆಲೆಗೆ ಅಲ್ಲ. ಪತ್ರಿಕೆಯಲ್ಲಿ ಬಂದ ಕಟ್-ಆಫ್ ಪ್ರತಿಫಲ ನಿಮ್ಮ ಅಂಕಿಗಿಂತ ಸ್ವಲ್ಪ ಬೇರೆ ಕಂಡರೆ ಗಾಬರಿಯಾಗಬೇಡಿ.

ಟೀಚರ್, ಬದಿಯಡ್ಕ

ಬೆಲೆಯನ್ನು ಹಿಂದಕ್ಕೆ ಕಟ್ಟಿ ನೋಡಿದೆ, ನೀವು ಹೇಳಿದಂತೆಯೇ ಬಂತು. 6.72ನ್ನು ಅಳಿಸಿದ್ದೇನೆ.

ತಮ್ಮನಿಗೆ ಇನ್ನೊಂದು ಸಂದೇಹವಿದೆ. ಅವನ ಬ್ಯಾಂಕ್ 182 ದಿನಗಳ ಠೇವಣಿಗೆ ಶೇಕಡಾ 4.30 ಸರಳ ಬಡ್ಡಿ ಕೊಡುತ್ತದೆ, 365 ದಿನಗಳ ಲೆಕ್ಕ, ಬಡ್ಡಿ ಅವಧಿಯ ಕೊನೆಯಲ್ಲಿ. ಮುಂದಿನ ಹರಾಜಿನಲ್ಲಿ High Rate ಎಷ್ಟಾದರೆ ಬಿಲ್ ಮತ್ತು ಠೇವಣಿ ಸಮಾನವಾಗುತ್ತವೆ ಎಂದು ಅವನು ಮೊದಲೇ ತಿಳಿದಿರಲು ಬಯಸುತ್ತಾನೆ. ಇದಕ್ಕೆ ನಿಮ್ಮ ಎರಡನೆಯ ಸೂತ್ರವೇ?

ನಿವೃತ್ತ ಬ್ಯಾಂಕ್ ಅಧಿಕಾರಿ, ಮುಳ್ಳೇರಿಯ

ಅದೇ. ಮೇಲೆ 360 × 0.043, ಅಂದರೆ 15.48. ಕೆಳಗೆ 365 + 0.043 × 182, ಅಂದರೆ 372.826. ಉತ್ತರ ಸುಮಾರು 4.152. ಹರಾಜಿನಲ್ಲಿ 4.16 ಬಂದರೂ ಬಿಲ್ಲೇ ಸ್ವಲ್ಪ ಮೇಲು. 4.20ನ್ನು 4.30ರ ಪಕ್ಕದಲ್ಲಿ ನೇರವಾಗಿ ಇಟ್ಟು ನೋಡಿದವರು ಠೇವಣಿಯನ್ನು ಆರಿಸಿಕೊಂಡುಬಿಡುತ್ತಾರೆ, ಆದರೆ ನಿಜವಾಗಿ ಹೋಲಿಸಬೇಕಾದದ್ದು 4.351ನ್ನು 4.30ರೊಡನೆ.

ಠೇವಣಿಯ ಹಾಳೆಯಲ್ಲಿ APY ಎಂದು ಬರೆದಿದೆಯೇ ಎಂಬುದನ್ನು ಮಾತ್ರ ಅವರು ನೋಡಿಕೊಳ್ಳಲಿ. ಅದು ಚಕ್ರಬಡ್ಡಿಯನ್ನು ಸೇರಿಸಿದ ವಾರ್ಷಿಕ ಅಂಕಿಯಾಗಿರುವುದರಿಂದ ಈ ಸೂತ್ರಕ್ಕೆ ನೇರವಾಗಿ ಹಾಕಬಾರದು.

ಲೆಕ್ಕಪತ್ರ ಕಚೇರಿ ಸಿಬ್ಬಂದಿ, ಕುಂಬಳೆ

ಇಷ್ಟರವರೆಗೆ ಎಲ್ಲವೂ ಸರಿಯಾಗಿದೆ, ಆದರೆ 4.351ನ್ನು ನಿಜ ಪ್ರತಿಫಲ ಎಂದು ಕರೆಯುವುದಕ್ಕೆ ನನ್ನ ಆಕ್ಷೇಪವಿದೆ. ಅದೂ ಸರಳ ಬಡ್ಡಿಯ ಅಂಕಿಯೇ. 182 ದಿನಗಳ ನಂತರ ಬಂದ ಹಣವನ್ನು ಮತ್ತೆ ಅದೇ ದರದಲ್ಲಿ ಹೂಡಿದರೆ ಒಂದು ವರ್ಷಕ್ಕೆ ಸಿಗುವುದು 4.398. ಟೀಚರ್ ಅವರ ತಂದೆಯವರ 6.522ನ್ನು ಅದೇ ರೀತಿ ವರ್ಷವಿಡೀ ಮರುಹೂಡಿಕೆ ಮಾಡಿದರೆ ಸುಮಾರು 6.68 ಆಗುತ್ತದೆ. ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಸೇರಿಸುವ 6.50ರ ವಾರ್ಷಿಕ ಠೇವಣಿಯ ನಿಜ ದರ 6.66. ಹೋಲಿಸುವುದಿದ್ದರೆ 6.68ನ್ನು 6.66ರೊಡನೆ ಹೋಲಿಸಬೇಕು. ಒಂದು ಕಡೆ ಸರಳ ಬಡ್ಡಿ, ಇನ್ನೊಂದು ಕಡೆ ಚಕ್ರಬಡ್ಡಿ ಇಟ್ಟು ಹೋಲಿಸಿದರೆ ಅದೂ ಡಿಸ್ಕೌಂಟ್ ದರವನ್ನು ಪ್ರತಿಫಲದೊಡನೆ ಹೋಲಿಸಿದಷ್ಟೇ ತಪ್ಪು.

ನಿವೃತ್ತ ಬ್ಯಾಂಕ್ ಅಧಿಕಾರಿ, ಮುಳ್ಳೇರಿಯ

ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಅದರ ಹಿಂದಿರುವ ಊಹೆಯನ್ನು ಒಪ್ಪಲಾರೆ. ವಾರ್ಷಿಕ ಠೇವಣಿಯಲ್ಲಿ ಮುಂದಿನ ಒಂಬತ್ತು ತಿಂಗಳ ದರವನ್ನೂ ಬ್ಯಾಂಕ್ ಇಂದೇ ಬರೆದು ಕೊಡುತ್ತದೆ. ಬಿಲ್ಲಿನಲ್ಲಿ 91 ದಿನಗಳ ನಂತರದ ಹರಾಜಿನ ಬೆಲೆ ಯಾರಿಗೂ ಗೊತ್ತಿಲ್ಲ. 6.68 ಎಂದು ಬರೆದರೆ ನಾಲ್ಕು ಹರಾಜುಗಳಲ್ಲಿಯೂ ಇದೇ ಬೆಲೆ ಬರುತ್ತದೆ ಎಂದು ಹೇಳಿದಂತಾಗುತ್ತದೆ.

ಟೀಚರ್ ಅವರ ತಂದೆಯವರಿಗೆ ಆ ಹಣ ತೋಟದ ಕೆಲಸಕ್ಕೆ 91 ದಿನಗಳ ನಂತರ ಬೇಕಾಗುವುದಾದರೆ ವರ್ಷದ ಲೆಕ್ಕವೇ ಅಪ್ರಸ್ತುತ. ಮುಖಬೆಲೆ ಐದು ಲಕ್ಷ ಎಂದುಕೊಳ್ಳಿ. ಕೊಟ್ಟದ್ದು 4,92,000 ರೂಪಾಯಿ, ಲಾಭ 8,000 ರೂಪಾಯಿ. ಅದೇ 4,92,000ವನ್ನು 91 ದಿನಗಳಿಗೆ 6.50ರ ಸರಳ ಬಡ್ಡಿಯ ಠೇವಣಿಯಲ್ಲಿ ಇಟ್ಟರೆ ಸಿಗುವುದು 7,973 ರೂಪಾಯಿ. ವ್ಯತ್ಯಾಸ 27 ರೂಪಾಯಿ. 6.522ನ್ನು 6.50ರೊಡನೆ ಹೋಲಿಸಿದಾಗ ಈ 27 ರೂಪಾಯಿಯೇ ಕಾಣುತ್ತದೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಲೆಕ್ಕಪತ್ರ ಕಚೇರಿ ಸಿಬ್ಬಂದಿ, ಕುಂಬಳೆ

91 ದಿನಗಳಿಗೆ ಮಾತ್ರವಾದರೆ ನಿಮ್ಮ ಮಾತು ನಿಲ್ಲುತ್ತದೆ. ಆದರೆ ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಬಿಲ್ಲನ್ನು ವರ್ಷವಿಡೀ ಮುಂದುವರಿಸುತ್ತಲೇ ಹೋಗುವವರು. ಅವರಿಗೆ ಸರಳ ಬಡ್ಡಿಯ ಅಂಕಿಯನ್ನು ಮಾತ್ರ ತೋರಿಸಿದರೆ ಬಿಲ್ಲಿನ ಪ್ರತಿಫಲವನ್ನು ಕಡಿಮೆ ಮಾಡಿ ತೋರಿಸಿದಂತೆ. ಮರುಹೂಡಿಕೆಯ ದರ ಅಂದಾಜೇ ಆಗಲಿ, ಅದನ್ನು ಅಂದಾಜು ಎಂದು ಬರೆದು ತೋರಿಸುವುದು ಒಳ್ಳೆಯದೆಂಬುದೇ ನನ್ನ ಅಭಿಪ್ರಾಯ.

ಬಿ.ಕಾಂ. ವಿದ್ಯಾರ್ಥಿ, ಪೆರ್ಲ

ಸರ್, ಈಗ ನಿಮ್ಮ ಪೂರ್ತಿ ಸೂತ್ರವನ್ನೇ ಬಳಸಿ 52 ವಾರಗಳ ಅಮೆರಿಕದ ಬಿಲ್ಲಿಗೆ ಲೆಕ್ಕ ಮಾಡಿದೆ. ಡಿಸ್ಕೌಂಟ್ ದರ 4.20, ದಿನಗಳು 364, ಬೆಲೆ 95.753333, ಪ್ರತಿಫಲ 4.447. ಇಲ್ಲಿಗೂ ಇದೇ ಸೂತ್ರ ಸಾಕಲ್ಲವೇ?

ನಿವೃತ್ತ ಬ್ಯಾಂಕ್ ಅಧಿಕಾರಿ, ಮುಳ್ಳೇರಿಯ

ಬೆಲೆ ಸರಿಯಾಗಿದೆ. ಹಾಕಿದ ಹಣದ ಮೇಲಿನ ಸರಳ ಪ್ರತಿಫಲವಾಗಿ 4.447 ಕೂಡ ಸರಿ. ಆದರೆ ಖಜಾನೆ ಇಲಾಖೆ ಅಂಥ ಬಿಲ್ಲಿನ ಹಾಳೆಯಲ್ಲಿ Investment Rate ಜಾಗದಲ್ಲಿ ಮುದ್ರಿಸುವುದು 4.447 ಅಲ್ಲ, 4.399. ಕಾರಣ ಹೀಗಿದೆ. ಆ ಅಂಕಿಯ ಉದ್ದೇಶ ಬಿಲ್ಲನ್ನು ಬಡ್ಡಿ ಕೊಡುವ ಸರಕಾರಿ ಬಾಂಡಿನೊಡನೆ ಹೋಲಿಸುವುದು. ಬಾಂಡ್ ಆರು ತಿಂಗಳಿಗೊಮ್ಮೆ ಬಡ್ಡಿ ಕೊಡುತ್ತದೆ, ಆ ಬಡ್ಡಿಯನ್ನು ಮತ್ತೆ ಹೂಡಬಹುದು. ಆರು ತಿಂಗಳಿಗಿಂತ ಉದ್ದದ ಬಿಲ್ ನಡುವೆ ಏನನ್ನೂ ಕೊಡುವುದಿಲ್ಲ. ಆದ್ದರಿಂದ ಅರ್ಧ ವರ್ಷಕ್ಕಿಂತ ಉದ್ದದ ಬಿಲ್ಲಿಗೆ ಅವರು ನಡುವೆ ಒಮ್ಮೆ ಬಡ್ಡಿ ಸೇರಿಸಿದಂತೆ ಭಾವಿಸಿ ದರವನ್ನು ಕಂಡುಹಿಡಿಯುತ್ತಾರೆ.

```
P × (1 + i/2) × (1 + i × (t − 182.5)/365) = 100
```

ಇದು ವರ್ಗ ಸಮೀಕರಣ, ಬಿಡಿಸಲು ಸ್ವಲ್ಪ ಶ್ರಮ ಬೇಕು, ಆದರೆ ಪರಿಶೀಲಿಸುವುದು ಸುಲಭ. 95.7533ನ್ನು ಮೊದಲ ಅರ್ಧ ವರ್ಷಕ್ಕೆ 1.021995ರಿಂದ ಗುಣಿಸಿದರೆ 97.859. ಉಳಿದ 181.5 ದಿನಗಳಿಗೆ 1.021874ರಿಂದ ಗುಣಿಸಿದರೆ 100.00. ಬೆಲೆ ಕೊನೆಗೆ ನೂರಕ್ಕೆ ಬಂದು ಮುಟ್ಟಿತು, ಹಾಗಾಗಿ 4.399 ಸರಿ. ಟೀಚರ್ ಅವರ ತಮ್ಮನ 182 ದಿನಗಳ ಬಿಲ್ ಅರ್ಧ ವರ್ಷದೊಳಗೇ ಮುಗಿಯುವುದರಿಂದ ಅಲ್ಲಿ ಮೊದಲಿನ ಸೂತ್ರವೇ ಸಾಕಾಯಿತು.

ಇದರಿಂದ ಒಂದು ಎಚ್ಚರಿಕೆ ಹೊರಡುತ್ತದೆ. ನಮ್ಮ 364 ದಿನಗಳ ಬಿಲ್ಲಿಗೆ ರಿಸರ್ವ್ ಬ್ಯಾಂಕ್ ಕೊಡುವ ಪ್ರತಿಫಲ ಸರಳ ಲೆಕ್ಕದ್ದು, ಅಮೆರಿಕದ 52 ವಾರಗಳ ಬಿಲ್ಲಿಗೆ ಮುದ್ರಿಸುವ ಪ್ರತಿಫಲ ಅರ್ಧ ವರ್ಷದ ಚಕ್ರಬಡ್ಡಿಯ ಲೆಕ್ಕದ್ದು. ಆ ಎರಡನ್ನು ಒಂದೇ ಅಂಕಣದಲ್ಲಿ ಬರೆಯುವುದಿದ್ದರೆ ಅಮೆರಿಕದ ಬಿಲ್ಲಿನ ಬೆಲೆಯನ್ನು ತೆಗೆದುಕೊಂಡು ಸರಳ ಪ್ರತಿಫಲವನ್ನು ನೀವೇ ಮತ್ತೆ ಲೆಕ್ಕ ಮಾಡಬೇಕು.

ವ್ಯಾಪಾರಿ, ಉಪ್ಪಳ

ಇಷ್ಟೆಲ್ಲ ಪರಿವರ್ತನೆ ಮಾಡಿಸುವ ಬದಲು ಅವರು ಬೆಲೆಯನ್ನು ಮಾತ್ರ ಹೇಳಬಹುದಿತ್ತಲ್ಲ, ಅಣ್ಣ? ಈ ಡಿಸ್ಕೌಂಟ್ ದರವನ್ನು ಇಂದಿಗೂ ಏಕೆ ಇಟ್ಟುಕೊಂಡಿದ್ದಾರೆ?

ನಿವೃತ್ತ ಬ್ಯಾಂಕ್ ಅಧಿಕಾರಿ, ಮುಳ್ಳೇರಿಯ

ಕೈಲೆಕ್ಕದ ಕಾಲದಲ್ಲಿ ಅದು ಬಹಳ ಅನುಕೂಲವಾಗಿತ್ತು. ದರ ಗೊತ್ತಿದ್ದರೆ ಒಂದು ಗುಣಾಕಾರ ಮತ್ತು ಒಂದು ಕಳೆಯುವಿಕೆಯಲ್ಲಿ ಬೆಲೆ ಸಿಗುತ್ತದೆ, ಭಾಗಾಕಾರವೇ ಬೇಡ. ಹತ್ತು ಲಕ್ಷ ಡಾಲರ್ ಮುಖಬೆಲೆಯ 90 ದಿನಗಳ ಬಿಲ್ಲಿನಲ್ಲಿ ದರ ಶೇಕಡಾ 0.01 ಬದಲಾದರೆ ಬೆಲೆ ಸರಿಯಾಗಿ 25 ಡಾಲರ್ ಬದಲಾಗುತ್ತದೆ. ದರ ಎಷ್ಟೇ ಇರಲಿ, ಈ 25 ಬದಲಾಗುವುದಿಲ್ಲ. ದಿನವಿಡೀ ಬಿಲ್ಲುಗಳನ್ನು ಕೊಂಡು ಮಾರುವವರಿಗೆ ಇದಕ್ಕಿಂತ ಸುಲಭವಾದ ಲೆಕ್ಕ ಬೇರೆ ಇಲ್ಲ. ಒಮ್ಮೆ ಮಾರುಕಟ್ಟೆಯಲ್ಲಿ ರೂಢಿಯಾದ ಪದ್ಧತಿ ಗಣಕ ಯಂತ್ರ ಬಂದರೂ ಹೋಗಲಿಲ್ಲ. ಹೂಡಿ ಸುಮ್ಮನಿರುವ ನಮ್ಮಂಥವರಿಗೆ ಆ ಅನುಕೂಲದಿಂದ ಪ್ರಯೋಜನವಿಲ್ಲ, ಹಾಗಾಗಿ ನಾವು Price ಮತ್ತು Investment Rate ಎರಡನ್ನೇ ನೋಡಿದರೆ ಸಾಕು.

ಬಿ.ಕಾಂ. ವಿದ್ಯಾರ್ಥಿ, ಪೆರ್ಲ

ಸರ್, ಕೊನೆಯದಾಗಿ ಒಂದು. ಅಧಿಕ ವರ್ಷ ಬಂದರೆ 365ರ ಜಾಗದಲ್ಲಿ 366 ಹಾಕಬೇಕೇ?

ನಿವೃತ್ತ ಬ್ಯಾಂಕ್ ಅಧಿಕಾರಿ, ಮುಳ್ಳೇರಿಯ

ಅಮೆರಿಕದ ಬಿಲ್ಲಿಗೆ ಹೌದು, ಆದರೆ ಕ್ಯಾಲೆಂಡರ್ ವರ್ಷವನ್ನು ನೋಡಿ ಅಲ್ಲ. ಬಿಲ್ ಹೊರಟ ದಿನದಿಂದ ಮುಂದಿನ ಒಂದು ವರ್ಷದೊಳಗೆ ಫೆಬ್ರವರಿ 29 ಬರುವುದಾದರೆ 366 ಹಿಡಿಯುತ್ತಾರೆ. ಆ ಬಿಲ್ ಫೆಬ್ರವರಿಗಿಂತ ಮೊದಲೇ ಮುಗಿದರೂ ಇದೇ ನಿಯಮ. 2028ರಲ್ಲಿ ಫೆಬ್ರವರಿ 29 ಇರುವುದರಿಂದ 2027ರ ಮಾರ್ಚ್ ತಿಂಗಳಲ್ಲಿ ಹೊರಡುವ 26 ವಾರಗಳ ಬಿಲ್ಲಿಗೂ 366 ಬರುತ್ತದೆ. ಡಿಸ್ಕೌಂಟ್ ದರ 4.20 ಆಗಿದ್ದರೆ ಬೆಲೆ ಅದೇ 97.876667 ಇರುತ್ತದೆ, ಏಕೆಂದರೆ ಬೆಲೆಯ ಲೆಕ್ಕದಲ್ಲಿರುವುದು 360 ಮಾತ್ರ. ಹಾಳೆಯಲ್ಲಿ ಮುದ್ರಿಸುವ Investment Rate ಮಾತ್ರ 4.351ರ ಬದಲು 4.363 ಆಗುತ್ತದೆ. ಕೊಟ್ಟ ಹಣವೂ ಬರುವ ಹಣವೂ ಒಂದೇ ಆಗಿರುವಾಗ ಆ 0.012 ಹೆಚ್ಚಳವನ್ನು ಲಾಭವೆಂದು ಎಣಿಸಬಾರದು. ಟೀಚರ್, ನಿಮ್ಮ ಕೋಷ್ಟಕದಲ್ಲಿ ಎಲ್ಲ ಬಿಲ್ಲುಗಳಿಗೂ 365ನ್ನೇ ಹಿಡಿದು ಬೆಲೆಯಿಂದ ಲೆಕ್ಕ ಮಾಡಿದರೆ ಈ ತೊಡಕು ಬರುವುದಿಲ್ಲ.

ಟೀಚರ್, ಬದಿಯಡ್ಕ

ಹಾಗೆಯೇ ಮಾಡುತ್ತೇನೆ. ಮುಖಬೆಲೆ, ಕೊಟ್ಟ ಬೆಲೆ, ದಿನಗಳು ಎಂದು ಮೂರು ಅಂಕಣಗಳನ್ನು ಮೊದಲು ಬರೆದು, ಪ್ರತಿಫಲದ ಅಂಕಣವನ್ನು ಅವುಗಳಿಂದ ಲೆಕ್ಕ ಮಾಡಿ ತುಂಬಿಸುತ್ತೇನೆ. ಕುಂಬಳೆಯವರು ಹೇಳಿದ ಮರುಹೂಡಿಕೆಯ ಅಂಕಿಯನ್ನು ಸೇರಿಸಬೇಕೇ ಬೇಡವೇ ಎಂಬುದನ್ನು ಅಪ್ಪನೊಡನೆ ಮಾತನಾಡಿ ನಿರ್ಧರಿಸುತ್ತೇನೆ. 91 ದಿನಗಳ ನಂತರ ಆ ಹಣವನ್ನು ತೆಗೆಯುತ್ತಾರೋ ಮುಂದುವರಿಸುತ್ತಾರೋ ಎಂಬುದು ಅವರಿಗೂ ಇನ್ನೂ ಖಚಿತವಿಲ್ಲ.